ಮಹಮ್ಮದ್, ಮಹಮೂದ್, ಅಹ್ಮದ್, ಹಮೀದ್: ಇವು ಒಂದೇ ಹೆಸರೇ?

ಪ್ರಶ್ನೆ: ಮಕ್ಕಳಿಗೆ ಬಹಮನಿ ಸುಲ್ತಾನರ ಪಾಠ ಮಾಡುವಾಗ ಪ್ರತಿವರ್ಷ ಒಂದೇ ಗೊಂದಲ. ಅಹ್ಮದ್ ಷಾ, ಮಹಮ್ಮದ್ ಷಾ, ಮಹಮೂದ್ ಷಾ, ಜೊತೆಗೆ ಮಂತ್ರಿ ಮಹಮೂದ್ ಗವಾನ್. ಇವೆಲ್ಲ ಒಂದೇ ಹೆಸರನ್ನು ಬೇರೆ ಬೇರೆ ರೀತಿಯಲ್ಲಿ ಬರೆದದ್ದೇ ಅಥವಾ ನಿಜಕ್ಕೂ ಬೇರೆ ಹೆಸರುಗಳೇ? ಬೇರೆಯಾದರೆ ಅರ್ಥ ಒಂದೇ ತರಹ ಇರುವುದೇಕೆ?

ಉತ್ತರ: ಬೇರೆ ಹೆಸರುಗಳೇ. ಮಹಮ್ಮದ್, ಮೊಹಮ್ಮದ್, ಮುಹಮ್ಮದ್ ಎಂಬ ಮೂರು ಮಾತ್ರ ಒಂದೇ ಹೆಸರಿನ ಬೇರೆ ಬೇರೆ ಬರವಣಿಗೆ. ಮಹಮೂದ್ ಬೇರೆ, ಅಹ್ಮದ್ ಬೇರೆ, ಹಮೀದ್ ಬೇರೆ. ನಿಮ್ಮ ಪಾಠದಲ್ಲಿ ಈ ವ್ಯತ್ಯಾಸ ಮರೆತರೆ ಕಥೆಯೇ ತಲೆಕೆಳಗಾಗುತ್ತದೆ. 1472ರಲ್ಲಿ ಬೀದರಿನಲ್ಲಿ ಮದರಸಾ ಕಟ್ಟಿಸಿದವನು ಮಹಮೂದ್ ಗವಾನ್. 1481ರಲ್ಲಿ ಅವನಿಗೆ ಮರಣದಂಡನೆ ವಿಧಿಸಿದವನು ಮೂರನೆಯ ಮಹಮ್ಮದ್ ಷಾ. ಮರುವರ್ಷ ಆ ದೊರೆ ತೀರಿಕೊಂಡಾಗ ಪಟ್ಟಕ್ಕೆ ಬಂದ ಮಗ ಮಹಮೂದ್ ಷಾ. ಒಂದು ಒತ್ತಕ್ಷರ, ಒಂದು ದೀರ್ಘ ಸ್ವರ ಅತ್ತಿತ್ತ ಆದರೆ ಕೊಂದವನು ಯಾರು, ಸತ್ತವನು ಯಾರು ಎಂಬುದೇ ತಿಳಿಯದಂತಾಗುತ್ತದೆ.

ನಿಮ್ಮ ಪ್ರಶ್ನೆಯ ಎರಡನೆಯ ಭಾಗ ನನಗೆ ಹೆಚ್ಚು ಇಷ್ಟವಾಯಿತು. ಅರ್ಥಗಳು ಹತ್ತಿರ ಇರುವುದೇಕೆ? ಈ ನಾಲ್ಕೂ ಹೆಸರುಗಳ ಒಳಗೆ ಹ, ಮ, ದ ಎಂಬ ಮೂರೇ ವ್ಯಂಜನಗಳು ಇದೇ ಕ್ರಮದಲ್ಲಿ ಕುಳಿತಿವೆ. ಅರಬ್ಬಿಯಲ್ಲಿ ಇದು ಧಾತು. ಈ ಧಾತುವಿನ ಅರ್ಥ ಹೊಗಳಿಕೆ, ಸ್ತುತಿ. ‘ಅಲ್‌ಹಮ್ದುಲಿಲ್ಲಾ’ ಎಂದು ಯಾರಾದರೂ ಹೇಳಿದ್ದನ್ನು ನೀವು ಕೇಳಿರುತ್ತೀರಿ. ಸ್ತುತಿಯೆಲ್ಲ ದೇವರಿಗೆ ಎಂದು ಅದರ ಅರ್ಥ. ಅಲ್ಲಿರುವ ‘ಹಮ್ದ್’ ಇದೇ ಧಾತುವಿನ ಅತ್ಯಂತ ಸರಳ ರೂಪ.

ನಮ್ಮ ಭಾಷೆಯಲ್ಲಿ ಪದ ಬೆಳೆಯುವುದು ಹೆಚ್ಚಾಗಿ ಬಾಲದ ಕಡೆಯಿಂದ. ಮಾಡು, ಮಾಡಿದ, ಮಾಡುವವಳು ಎಂದು ಪ್ರತ್ಯಯಗಳು ಹಿಂದೆ ಬಂದು ಸೇರುತ್ತವೆ. ಅಪರೂಪಕ್ಕೆ ಮಾತ್ರ ಪದದ ಹೊಟ್ಟೆಯೊಳಗೆ ಬದಲಾವಣೆ ಆಗುತ್ತದೆ: ಕೆಡು ಎಂಬುದು ಕೇಡು ಆಗುತ್ತದೆ, ಪಡು ಎಂಬುದು ಪಾಡು ಆಗುತ್ತದೆ. ಹೊಸದೇನೂ ಅಂಟಿಕೊಳ್ಳಲಿಲ್ಲ, ಒಳಗಿನ ಸ್ವರ ಹಿಗ್ಗಿತು, ಕ್ರಿಯಾಪದ ನಾಮಪದವಾಯಿತು. ನಮ್ಮಲ್ಲಿ ಬೆರಳೆಣಿಕೆಯಷ್ಟು ಪದಗಳಲ್ಲಿ ನಡೆಯುವ ಈ ಕೆಲಸ ಅರಬ್ಬಿ ಭಾಷೆಯ ಇಡೀ ಸಂಸಾರವನ್ನೇ ನಡೆಸುತ್ತದೆ. ಅಲ್ಲಿ ವ್ಯಂಜನಗಳು ಪದಾರ್ಥವನ್ನು ಹೊರುತ್ತವೆ. ಅವುಗಳ ನಡುವೆ ಕೂರುವ ಸ್ವರಗಳು, ದ್ವಿತ್ವ, ಮುಂದೆ ಬರುವ ಒಂದೆರಡು ಅಕ್ಷರ ಸೇರಿ ಒಂದು ಅಚ್ಚು. ಬೆಲ್ಲದ ಪಾಕ ಒಂದೇ, ಯಾವ ಅಚ್ಚಿಗೆ ಹೊಯ್ಯುತ್ತೀರೋ ಆ ಆಕಾರ. ಹಾಗಾಗಿ ಮಹಮೂದ್ ಎಂಬ ಪದ ಅಹ್ಮದ್ ಎಂಬುದರಿಂದ ಹುಟ್ಟಿದ್ದಲ್ಲ, ಅದು ಇದರಿಂದ ಸವೆದು ಬಂದದ್ದೂ ಅಲ್ಲ. ಎರಡೂ ಒಂದೇ ಪಾಕದಿಂದ ಬೇರೆ ಬೇರೆ ಅಚ್ಚಿನಲ್ಲಿ ಇಳಿದವು.

ಮುಹಮ್ಮದ್ ಎಂಬ ಹೆಸರನ್ನೇ ಬಿಡಿಸಿ ನೋಡೋಣ. ಅದರಲ್ಲಿ ಮೂರು ಮಕಾರಗಳು ಕೇಳಿಸುತ್ತವೆ. ಮೊದಲನೆಯದು ಧಾತುವಿಗೆ ಸೇರಿದ್ದೇ ಅಲ್ಲ, ಅದು ಅಚ್ಚಿನ ಭಾಗ. ನಡುವಿನ ‘ಮ್ಮ’ ಎಂಬುದು ಧಾತುವಿನ ಒಂದೇ ಮಕಾರ, ಒತ್ತಿ ಎರಡಾಗಿದೆ. ಈ ಒತ್ತು ಸುಮ್ಮನೆ ಬಂದದ್ದಲ್ಲ. ಅರಬ್ಬಿಯಲ್ಲಿ ಧಾತುವಿನ ನಡುವಿನ ವ್ಯಂಜನವನ್ನು ದ್ವಿತ್ವ ಮಾಡಿದರೆ ಎಷ್ಟೋ ಕಡೆ ಕ್ರಿಯೆಗೆ ಬಲ ಬರುತ್ತದೆ, ಅದು ಮತ್ತೆ ಮತ್ತೆ ನಡೆಯಿತು ಎಂಬ ಭಾವ ಬರುತ್ತದೆ. ಮುಂದಿನ ‘ಮು’ ಮತ್ತು ಕೊನೆಯ ಅಕಾರ ಸೇರಿ ‘ಆ ಕ್ರಿಯೆಗೆ ಒಳಗಾದವನು’ ಎಂದು ಹೇಳುತ್ತವೆ. ಒಟ್ಟಿಗೆ ನೋಡಿದರೆ, ಮತ್ತೆ ಮತ್ತೆ ಹೊಗಳಿಸಿಕೊಂಡವನು, ಬಹಳವಾಗಿ ಸ್ತುತಿಸಲ್ಪಟ್ಟವನು. ಆದ್ದರಿಂದ ‘ಮಹಮದ್’ ಎಂದು ಒತ್ತು ಬಿಟ್ಟು ಬರೆದಾಗ ಕಳೆದುಹೋಗುವುದು ಬರೀ ಒಂದು ಒತ್ತಕ್ಷರವಲ್ಲ, ಆ ಹೆಸರಿನ ಅರ್ಥದ ‘ಮತ್ತೆ ಮತ್ತೆ’ ಎಂಬ ಭಾಗ. ಬರೆಯುವಾಗ ದಯವಿಟ್ಟು ಆ ಒತ್ತನ್ನು ಉಳಿಸಿಕೊಳ್ಳಿ.

ಮಹಮೂದ್ ಎಂಬುದೂ ಒಳಗಾದವನನ್ನೇ ಹೇಳುತ್ತದೆ, ಆದರೆ ಸಾದಾ ರೂಪದಲ್ಲಿ: ಹೊಗಳಿಸಿಕೊಂಡವನು. ಮುಂದೆ ‘ಮ’, ಎರಡನೆಯ ಮತ್ತು ಮೂರನೆಯ ವ್ಯಂಜನದ ನಡುವೆ ದೀರ್ಘ ‘ಊ’. ಇದು ಈ ಅಚ್ಚಿನ ಗುರುತು. ಹಾಮಿದ್ ಎಂದರೆ ಹೊಗಳುವವನು, ಅಂದರೆ ಕರ್ತೃ. ಹಮೀದ್ ಎಂದರೆ ಸ್ತುತ್ಯನು, ಹೊಗಳಿಕೆಗೆ ಅರ್ಹತೆ ಎಂಬುದು ಸ್ವಭಾವವಾಗಿಯೇ ನೆಲೆಸಿರುವವನು. ಕರೀಮ್, ರಹೀಮ್, ಜಮೀಲ್ ಎಂಬ ಹೆಸರುಗಳೂ ಇದೇ ಅಚ್ಚಿನವು. ಅಹ್ಮದ್ ಎಂಬುದರಲ್ಲಿ ಮುಂದಿನ ಅಕಾರ ಹೋಲಿಕೆಯನ್ನು ತರುತ್ತದೆ: ಹೆಚ್ಚು ಸ್ತುತ್ಯನು. ಕಬೀರ್ ಎಂದರೆ ದೊಡ್ಡವನು, ಅಕ್ಬರ್ ಎಂದರೆ ಹೆಚ್ಚು ದೊಡ್ಡವನು. ಹಮೀದ್ ಮತ್ತು ಅಹ್ಮದ್ ನಡುವೆ ಇರುವುದೂ ಇದೇ ಅಂತರ. ಪ್ರವಾದಿಯವರಿಗೆ ಮುಹಮ್ಮದ್ ಜೊತೆಗೆ ಅಹ್ಮದ್ ಎಂಬ ಹೆಸರೂ ಇದೆ ಎಂಬುದು ಮುಸ್ಲಿಮರ ನಂಬಿಕೆ. ಎರಡೂ ಒಂದೇ ಎಂಬ ಭಾವನೆ ಜನರಲ್ಲಿ ಬೆಳೆಯಲು ಇದೂ ಒಂದು ಕಾರಣವಿರಬಹುದು. ಹೆಣ್ಣುಮಕ್ಕಳ ಹೆಸರಿಗೆ ಕೊನೆಯಲ್ಲಿ ಆಕಾರ ಸೇರಿದರೆ ಸಾಕು: ಹಮೀದಾ, ಮಹಮೂದಾ.

ಇದೆಲ್ಲ ದೂರದ ವ್ಯಾಕರಣ ಅನ್ನಿಸಿದರೆ ನಿಮ್ಮ ತಾಲ್ಲೂಕು ಕಚೇರಿಯ ಬಾಗಿಲಲ್ಲಿ ಒಂದು ನಿಮಿಷ ನಿಂತು ನೋಡಿ. ಒಳಗೆ ತಹಸೀಲ್ದಾರರು ಕೂತಿದ್ದಾರೆ. ರೈತರು ಕಟ್ಟುವ ಕಂದಾಯಕ್ಕೆ ‘ಮಹಸೂಲು’ ಎಂಬ ಮಾತೂ ಇದೆ. ತಹಸೀಲು ಎಂದರೆ ವಸೂಲಿ ಮಾಡುವುದು, ಮಹಸೂಲು ಎಂದರೆ ವಸೂಲಾದದ್ದು. ಎರಡರಲ್ಲೂ ಹ, ಸ, ಲ ಎಂಬ ಮೂರು ವ್ಯಂಜನಗಳು ಅದೇ ಕ್ರಮದಲ್ಲಿವೆ. ಈಗ ಮಹಸೂಲು, ಮಹಮೂದ್ ಎಂಬ ಎರಡು ಪದಗಳನ್ನು ಗಟ್ಟಿಯಾಗಿ ಹೇಳಿಕೊಳ್ಳಿ. ತಾಳ ಒಂದೇ, ಏಕೆಂದರೆ ಅಚ್ಚು ಒಂದೇ. ವಸೂಲಾದದ್ದು ಮಹಸೂಲು, ಹೊಗಳಿಸಿಕೊಂಡವನು ಮಹಮೂದ್. ‘ಮಾಮೂಲು’ ಕೂಡ ಇದೇ ಅಚ್ಚು: ಮಾಡಲ್ಪಡುತ್ತ ಬಂದದ್ದು, ವಾಡಿಕೆ. ಇನ್ನು ‘ಇಲಾಖೆ’ ಮತ್ತು ‘ತಾಲ್ಲೂಕು’ ಎಂಬ ಪದಗಳೂ ಒಂದೇ ಧಾತುವಿನ ಮಕ್ಕಳು, ತಗುಲಿಕೊಂಡಿರುವುದು, ಸಂಬಂಧಪಟ್ಟಿರುವುದು ಎಂಬ ಅರ್ಥದವು. ಪೇಟೆಗೆ ಹೋದರೆ ದಲ್ಲಾಳಿ ಸಿಗುತ್ತಾನೆ. ದಾರಿ ತೋರಿಸು ಎಂಬ ಧಾತು, ನಡುವಿನ ಅಕ್ಷರಕ್ಕೆ ಒತ್ತು, ಅದರ ನಂತರ ದೀರ್ಘ ಆಕಾರ. ಒಂದು ಕೆಲಸವನ್ನೇ ಕಸುಬಾಗಿ ಮಾಡುವವನನ್ನು ಹೇಳುವ ಅಚ್ಚು ಇದು. ಇದೇ ಅಚ್ಚಿಗೆ ಹ-ಮ-ದ ಹೊಯ್ದರೆ ಹಮ್ಮಾದ್, ಸದಾ ಸ್ತುತಿಸುವವನು. ಪಾರಸಿ, ಉರ್ದುಗಳ ಮೂಲಕ ಆಡಳಿತದ ದಾರಿ ಹಿಡಿದು ನಮ್ಮ ಮನೆಗೆ ಬಂದ ಈ ಪದಗಳು ಐನೂರು ವರ್ಷಗಳ ಹಿಂದಿನ ಆ ಹೆಸರುಗಳ ನೆಂಟರು ಎಂದು ತಿಳಿದಾಗ ನನಗಂತೂ ಬಹಳ ಸಂತೋಷವಾಗಿತ್ತು.

ಇಷ್ಟು ತಿಳಿದ ಮೇಲೆ ಸಿಕ್ಕ ಹೆಸರನ್ನೆಲ್ಲ ಬಿಡಿಸುವ ಉತ್ಸಾಹ ಬರುತ್ತದೆ. ಅಲ್ಲಿಯೇ ಎಡವುವುದು. ಕನ್ನಡ ಲಿಪಿಯಲ್ಲಿ ಧಾತುವಿನ ಎಲ್ಲ ಅಕ್ಷರಗಳೂ ಕಾಣಿಸುವುದಿಲ್ಲ. ಅರಬ್ಬಿಯಲ್ಲಿ ‘ಅಯಿನ್’ ಎಂಬ ವ್ಯಂಜನವಿದೆ, ಗಂಟಲಿನ ಆಳದಿಂದ ಹೊರಡುವ ಧ್ವನಿ. ಅದಕ್ಕೆ ನಮ್ಮಲ್ಲಿ ಅಕ್ಷರವಿಲ್ಲ, ಹೀಗಾಗಿ ಅದು ಸ್ವರದಲ್ಲಿ ಕರಗಿಹೋಗುತ್ತದೆ. ಸಯೀದ್ ಎಂಬ ಹೆಸರಿನ ಧಾತು ಸ, ಅಯಿನ್, ದ, ಅರ್ಥ ಭಾಗ್ಯ. ಸಯೀದ್ ಎಂದರೆ ಭಾಗ್ಯವಂತ. ಅದನ್ನೇ ಮಹಮೂದ್ ಅಚ್ಚಿಗೆ ಹೊಯ್ದರೆ ಬರುವ ಹೆಸರನ್ನು ನಾವು ಮಸೂದ್ ಎಂದು ಬರೆಯುತ್ತೇವೆ. ನಡುವಿನ ಅಯಿನ್ ಪೂರ್ತಿ ಮಾಯ. ಸಯೀದ್ ಮತ್ತು ಮಸೂದ್ ಅಣ್ಣತಮ್ಮಂದಿರಂತೆ ಕಾಣುವುದಿಲ್ಲ, ಆದರೆ ಹೌದು. ಸಯೀದ್ ಮತ್ತು ಸಯ್ಯದ್ ಅವಳಿಗಳಂತೆ ಕಾಣುತ್ತವೆ, ಆದರೆ ಸಂಬಂಧವೇ ಇಲ್ಲ. ಸಯ್ಯದ್ ಎಂದರೆ ಒಡೆಯ, ಹಿರಿಯ. ಅದರ ಧಾತು ಸ, ವ, ದ. ಇನ್ನೂ ಒಂದು ತೊಡಕಿದೆ. ಕಪ್ಪು ಎಂಬ ಅರ್ಥದ ‘ಅಸ್ವದ್’ ಎಂಬ ಪದದಲ್ಲೂ ಸ, ವ, ದ ಎಂಬ ಇವೇ ಮೂರು ವ್ಯಂಜನಗಳಿವೆ. ಒಡೆತನಕ್ಕೂ ಕಪ್ಪಿಗೂ ನಂಟು ಕಟ್ಟಲು ಹೊರಟರೆ ಕಲ್ಪನೆಯ ಕಥೆಯಾಗುತ್ತದೆ. ಒಂದೇ ಅಕ್ಷರಗಳಿದ್ದರೂ ಅರ್ಥದ ಕವಲುಗಳು ಬೇರೆಯಾಗಿರುವುದು ಅರಬ್ಬಿಯಲ್ಲಿ ಸಾಮಾನ್ಯ.

ಜಕಾರದ ಕಥೆಯೂ ಇದೇ. ಜಮೀಲ್, ಜಾಹಿದ್, ಫಜಲ್, ಹಾಫಿಜ್ ಎಂಬ ನಾಲ್ಕು ಹೆಸರುಗಳಲ್ಲಿ ನಾವು ಬರೆಯುವುದು ಒಂದೇ ಜಕಾರ, ಅರಬ್ಬಿಯಲ್ಲಿ ಅವು ನಾಲ್ಕು ಬೇರೆ ಅಕ್ಷರಗಳು. ಆದ್ದರಿಂದ ಕನ್ನಡದ ಬರಹ ನೋಡಿ ಧಾತುವನ್ನು ಊಹಿಸಬಹುದೇ ಹೊರತು ತೀರ್ಮಾನಿಸಲಾಗದು. ಆ ಹೆಸರನ್ನು ಅರಬ್ಬಿಯಲ್ಲಿ ಅಥವಾ ಉರ್ದುವಿನಲ್ಲಿ ಹೇಗೆ ಬರೆಯುತ್ತಾರೆ ಎಂದು ಆ ಮನೆಯವರನ್ನೇ ಕೇಳುವುದು ಒಳ್ಳೆಯದು. ಇಂಗ್ಲಿಷ್ ಬರಹವನ್ನು ಕನ್ನಡದ ಬರಹಕ್ಕಿಂತಲೂ ಕಡಿಮೆ ನಂಬಿ. ಹಾಮಿದ್ ಮತ್ತು ಹಮೀದ್ ಎರಡನ್ನೂ ಅಲ್ಲಿ `Hamid` ಎಂದೇ ಬರೆಯುವುದುಂಟು. ನಮ್ಮ ಲಿಪಿಯಲ್ಲಿ ದೀರ್ಘ ಎಲ್ಲಿದೆ ಎಂಬುದು ಸ್ಪಷ್ಟವಾಗಿ ಉಳಿಯುತ್ತದೆ, ಈ ವಿಷಯದಲ್ಲಿ ಕನ್ನಡ ಮೇಲು.

ಮುಸ್ಲಿಮರ ಹೆಸರುಗಳೆಲ್ಲ ಅರಬ್ಬಿಯೂ ಅಲ್ಲ. ಪರ್ವೀನ್, ಶಬನಮ್, ಜಹಾಂಗೀರ್ ಪಾರಸಿಯವು. ಇಬ್ರಾಹಿಂ, ಇಸ್ಮಾಯಿಲ್, ಯೂಸುಫ್ ಅರಬ್ಬಿಗೂ ಹೊರಗಿನಿಂದ ಬಂದವು, ಅರಬ್ಬಿ ವೈಯಾಕರಣರೇ ಇವನ್ನು ಪರಭಾಷೆಯ ಹೆಸರುಗಳೆಂದು ಬೇರೆ ಇಟ್ಟಿದ್ದಾರೆ. ಇವುಗಳಲ್ಲಿ ಅರಬ್ಬಿ ಧಾತು ಹುಡುಕಿ ಫಲವಿಲ್ಲ.

ಕೊನೆಯದಾಗಿ, ನಿಮ್ಮ ಹಾಜರಿ ಪುಸ್ತಕದಲ್ಲಿ ಅಬ್ದುಲ್ ಹಮೀದ್ ಎಂಬ ಹುಡುಗನಿದ್ದರೆ ಅವನನ್ನು ‘ಅಬ್ದುಲ್’ ಎಂದಷ್ಟೇ ಕರೆಯಬೇಡಿ. ‘ಅಬ್ದ್’ ಎಂದರೆ ದಾಸ. ‘ಉಲ್’ ಮುಂದಿನ ಪದಕ್ಕೆ ಬೆಸೆಯುವ ಕೊಂಡಿ. ಹಮೀದ್ ಎಂಬುದು ಇಲ್ಲಿ ದೇವರ ಹೆಸರು. ಪೂರ್ತಿ ಹೇಳಿದರೆ ‘ಸ್ತುತ್ಯನಾದ ದೇವರ ದಾಸ’. ‘ಅಬ್ದುಲ್’ ಎಂದಷ್ಟೇ ಕೂಗಿದರೆ ‘ಆ... ದಾಸ’ ಎಂದು ಕರೆದು ಮಾತು ನಡುವೆ ನಿಲ್ಲಿಸಿದಂತೆ. ಎರಡೂ ಪದ ಸೇರಿಸಿ ಕರೆಯಿರಿ. ಆ ಹುಡುಗನ ಮನೆಯವರು ಇಟ್ಟದ್ದು ಅದೇ ಹೆಸರು.