ಎಕ್ಸೆಲ್ ಶೀಟ್‌ನಿಂದ ಫಲಿತಾಂಶದ ಪ್ಯಾರಾವರೆಗೆ: ಯಾವುದು ಮೊದಲು, ಯಾವುದು ಆಮೇಲೆ

ಎಸ್‌ಪಿಎಸ್‌ಎಸ್ ಔಟ್‌ಪುಟ್ ಎಕ್ಸೆಲ್‌ಗೆ ಬಂದಾಗ ಟೇಬಲ್‌ಗಳು ನಾವು ಮೆನು ಒತ್ತಿದ ಕ್ರಮದಲ್ಲಿ ಸಾಲಾಗಿ ಕೂತಿರುತ್ತವೆ. ತುಂಬಾ ಜನ ಅದೇ ಕ್ರಮದಲ್ಲಿ ಮೇಲಿಂದ ಕೆಳಗೆ ಬರೆದುಕೊಂಡು ಹೋಗುತ್ತಾರೆ. ಆದರೆ ಓದುವವರಿಗೆ ಬೇಕಾದದ್ದು ನಮ್ಮ ಸಂಶೋಧನೆಯ ಪ್ರಶ್ನೆಗಳ ಕ್ರಮ. ಹಾಗಾಗಿ ಬರೆಯೋಕೆ ಮುಂಚೆ ಒಂದು ಹೊಸ ಶೀಟ್ ತೆರೆಯಿರಿ. ಪ್ರತಿ ಟೆಸ್ಟ್‌ಗೂ ಒಂದೇ ಸಾಲು. ಮೊದಲ ಕಾಲಂನಲ್ಲಿ ಅದು ಯಾವ ಪ್ರಶ್ನೆಗೆ ಉತ್ತರ ಅಂತ ನಂಬರ್ ಹಾಕಿ, ಆ ಕಾಲಂ ಮೇಲೆ ಸಾರ್ಟ್ ಮಾಡಿ. ಯಾವ ಪ್ರಶ್ನೆಗೂ ಸೇರದ ಸಾಲು ಸಿಕ್ಕರೆ ಅದನ್ನು ಕೊನೆಯಲ್ಲಿ ‘ಮೊದಲೇ ಯೋಜಿಸದ ವಿಶ್ಲೇಷಣೆ’ ಅಂತ ಹೇಳಿಯೇ ಬರೆಯಬೇಕು.

ಒಂದು ಉದಾಹರಣೆ ನೋಡೋಣ. ಅಂಕಿಗಳೆಲ್ಲ ಅಭ್ಯಾಸಕ್ಕಾಗಿ ಮಾಡಿಕೊಂಡವು. ಬೆಂಗಳೂರಿನಲ್ಲಿ ಕೆಲಸಕ್ಕೆ ಮೆಟ್ರೋದಲ್ಲಿ ಹೋಗುವವರು ಮತ್ತು ಬಿಎಂಟಿಸಿ ಬಸ್ಸಿನಲ್ಲಿ ಹೋಗುವವರು, ಹೀಗೆ ಎರಡು ಗುಂಪು. ಮುಖ್ಯ ಪ್ರಶ್ನೆ: ಒತ್ತಡದ ಅಂಕದಲ್ಲಿ (0ರಿಂದ 40) ವ್ಯತ್ಯಾಸ ಇದೆಯಾ? ಎರಡನೆಯದು: ನಿದ್ದೆಯ ಗಂಟೆಗಳಲ್ಲಿ?

ಮೊದಲ ಪ್ಯಾರಾದಲ್ಲಿ ಟೆಸ್ಟ್ ಬರಬಾರದು, ಜನ ಬರಬೇಕು. 131 ಮಂದಿ ಫಾರಂ ತುಂಬಿದರು, ಅರ್ಧಕ್ಕೆ ಬಿಟ್ಟ 11 ಫಾರಂ ತೆಗೆದೆವು, 120 ಉಳಿದವು. ಮೆಟ್ರೋ 58, ಬಸ್ 62. ವಯಸ್ಸು, ಪ್ರಯಾಣದ ಸಮಯ ಇವೆಲ್ಲ ಟೇಬಲ್‌ಗೆ ಹೋಗಲಿ. ಟೇಬಲ್‌ನಲ್ಲಿ ಇರುವುದನ್ನೇ ಪ್ಯಾರಾದಲ್ಲಿ ಮತ್ತೆ ಓದಿ ಹೇಳುವುದು ಬೇಡ.

ಇನ್ನು ಮುಖ್ಯ ಪ್ರಶ್ನೆ. ಜಾಸ್ತಿ ಎಡವಟ್ಟಾಗುವುದು ಇಲ್ಲೇ. Independent Samples Test ಟೇಬಲ್‌ನಲ್ಲಿ Sig. ಅನ್ನುವ ಕಾಲಂ ಎರಡು ಕಡೆ ಇರುತ್ತದೆ. ಎಡಗಡೆಯದು ಲೆವೀನ್ ಟೆಸ್ಟಿನದು. ಎರಡೂ ಗುಂಪಿನಲ್ಲಿ ಅಂಕಗಳ ಹರಡಿಕೆ ಒಂದೇ ಥರ ಇದೆಯಾ ಅಂತ ಮಾತ್ರ ಅದು ನೋಡುತ್ತದೆ. ನಮಗೆ ಬೇಕಾದದ್ದು ಬಲಗಡೆಯ Sig. (2-tailed); ಹೊಸ ಆವೃತ್ತಿಗಳಲ್ಲಿ ಅದೇ Two-Sided p. ಎಡಗಡೆ 0.318 ಅಂತ ಇದ್ದರೆ ಅವಸರದಲ್ಲಿ ಅದನ್ನೇ ಓದಿ ‘ಒತ್ತಡದಲ್ಲಿ ವ್ಯತ್ಯಾಸ ಇಲ್ಲ’ ಅಂತ ಬರೆದುಬಿಡಬಹುದು. ಫಲಿತಾಂಶವೇ ತಲೆಕೆಳಗು! ಸಾಲುಗಳೂ ಎರಡು. ನಾನು Equal variances not assumed ಸಾಲನ್ನೇ, ಅಂದರೆ ವೆಲ್ಚ್ ಟೆಸ್ಟನ್ನೇ, ಬಳಸುತ್ತೇನೆ. ಹರಡಿಕೆ ಬೇರೆಬೇರೆ ಇದ್ದರೂ ಅದು ನಡೆಯುತ್ತದೆ, ಒಂದೇ ಥರ ಇದ್ದರೆ ನಷ್ಟ ತೀರಾ ಕಡಿಮೆ.

ಪ್ಯಾರಾದ ಮೊದಲ ವಾಕ್ಯ ಉತ್ತರವನ್ನು ಮಾತಿನಲ್ಲಿ ಹೇಳಲಿ, ಯಾರಿಗೆ ಜಾಸ್ತಿ ಅನ್ನುವುದೂ ಅದರಲ್ಲೇ ಬರಲಿ. ಆಮೇಲೆ ಸರಾಸರಿ ಮತ್ತು ಎಸ್‌ಡಿ, ನಂತರ ವ್ಯತ್ಯಾಸ ಮತ್ತು ಅದರ ಕಾನ್ಫಿಡೆನ್ಸ್ ಇಂಟರ್ವಲ್, ಕೊನೆಗೆ ಟೆಸ್ಟಿನ ಅಂಕಿಗಳು. ಹೀಗೆ:

‘ಬಸ್ ಪ್ರಯಾಣಿಕರ ಒತ್ತಡದ ಅಂಕ (ಸರಾಸರಿ 20.1, ಎಸ್‌ಡಿ 6.4) ಮೆಟ್ರೋ ಪ್ರಯಾಣಿಕರದ್ದಕ್ಕಿಂತ (ಸರಾಸರಿ 17.2, ಎಸ್‌ಡಿ 5.8) ಹೆಚ್ಚಿತ್ತು. ವ್ಯತ್ಯಾಸ 2.9 ಅಂಕ, 95% ಕಾನ್ಫಿಡೆನ್ಸ್ ಇಂಟರ್ವಲ್ 0.7ರಿಂದ 5.1, ವೆಲ್ಚ್ t(117.9) = 2.60, p = 0.010, d = 0.47.’

ಶೀಟ್‌ನಲ್ಲಿ t ಬೆಲೆ −2.60 ಅಂತ ಇರಬಹುದು. ಮೊದಲ ಗುಂಪಿನಿಂದ ಎರಡನೆಯದನ್ನು ಕಳೆದದ್ದಕ್ಕೆ ಆ ಮೈನಸ್, ಅಷ್ಟೆ. ನೀವು ಬಸ್‌ನಿಂದ ಮೆಟ್ರೋ ಕಳೆದು ಹೇಳುವುದಾದರೆ t, ವ್ಯತ್ಯಾಸ, ಇಂಟರ್ವಲ್ ಎಲ್ಲದರ ಚಿಹ್ನೆಯೂ ಒಟ್ಟಿಗೆ ಬದಲಾಗಬೇಕು. ಹಾಗೇ Std. Error Mean ಕಾಲಂ ಎಸ್‌ಡಿ ಅಲ್ಲ. ಮೆಟ್ರೋ ಗುಂಪಿಗೆ ಅದು 0.76. ಅದನ್ನು ಎಸ್‌ಡಿ ಅಂತ ಬರೆದರೆ 58 ಜನರ ಅಂಕವೂ ಹೆಚ್ಚುಕಡಿಮೆ ಒಂದೇ ಅಂತಾಗುತ್ತದೆ. p ಜಾಗದಲ್ಲಿ .000 ಕಂಡರೆ, ಅಥವಾ ಎಕ್ಸೆಲ್ 4.2E-05 ಅಂತ ತೋರಿಸಿದರೆ, p < 0.001 ಅಂತ ಬರೆಯಿರಿ. p ಸೊನ್ನೆ ಅಂತೂ ಅಲ್ಲ.

ನಿದ್ದೆಯ ಪ್ಯಾರಾ ಚಿಕ್ಕದು, ಆದರೆ ಅದೇ ಅಚ್ಚಿನಲ್ಲಿ ಇರಲಿ. ಮೆಟ್ರೋದವರು 6.5 ಗಂಟೆ (ಎಸ್‌ಡಿ 1.1), ಬಸ್ಸಿನವರು 6.4 ಗಂಟೆ (ಎಸ್‌ಡಿ 1.2), ವ್ಯತ್ಯಾಸ 0.1, ಇಂಟರ್ವಲ್ −0.3ರಿಂದ 0.5, p = 0.635. ಇಲ್ಲಿ ‘ನಿದ್ದೆ ಸಮಾನ’ ಅಂತ ಬರೆಯಬಾರದು. ಮೆಟ್ರೋದವರ ನಿದ್ದೆ ಸುಮಾರು 20 ನಿಮಿಷ ಕಡಿಮೆ ಇರುವುದಕ್ಕೂ ಅರ್ಧ ಗಂಟೆ ಜಾಸ್ತಿ ಇರುವುದಕ್ಕೂ ಈ ಅಂಕಿಗಳು ಹೊಂದುತ್ತವೆ ಅಲ್ವಾ? ‘ವ್ಯತ್ಯಾಸಕ್ಕೆ ಸಾಕಷ್ಟು ಪುರಾವೆ ಸಿಗಲಿಲ್ಲ’ ಅಂದು ಇಂಟರ್ವಲ್ ಕೊಟ್ಟರೆ ಸಾಕು. ಬಸ್ಸಿನವರಿಗೆ ಯಾಕೆ ಒತ್ತಡ ಜಾಸ್ತಿ, ಟ್ರಾಫಿಕ್ಕಾ, ನಿಂತು ಹೋಗುವುದಾ, ಅದೆಲ್ಲ ಚರ್ಚೆಯ ಅಧ್ಯಾಯಕ್ಕೆ.

ಕಳಿಸುವ ಮುಂಚೆ ಪ್ರತಿ ಟೆಸ್ಟಿನ N ನೋಡಿ. ಒತ್ತಡದ ಪ್ರಶ್ನೆಗೆ 120 ಮಂದಿ ಉತ್ತರಿಸಿ, ನಿದ್ದೆಯ ಪ್ರಶ್ನೆಯನ್ನು ಐದು ಜನ ಖಾಲಿ ಬಿಟ್ಟಿದ್ದರೆ Group Statistics ಟೇಬಲ್‌ನಲ್ಲಿ ಆ ಸಾಲಿನ N ಒಟ್ಟು 115 ಆಗಿರುತ್ತದೆ. ಆಗ ಆ ಪ್ಯಾರಾದಲ್ಲಿ 115 ಅಂತಲೇ ಬರಬೇಕು.