ಪ್ಲಾಟಿನಂ ಅನ್ನೋ ಹೆಸರಿಗೆ ಎಷ್ಟು ಬೆಲೆ?

ದುಬಾರಿ ಫೋನ್ ಕೊಂಡವರನ್ನು ಯಾಕೆ ಕೊಂಡಿರಿ ಅಂತ ಕೇಳಿ ನೋಡಿ. ಕ್ಯಾಮೆರಾ ಚೆನ್ನಾಗಿದೆ, ಜಾಸ್ತಿ ದಿನ ಬಾಳಿಕೆ ಬರುತ್ತದೆ ಅನ್ನುತ್ತಾರೆ. ನಾಲ್ಕು ಜನ ನೋಡಲಿ ಅಂತ ಕೊಂಡೆ ಎಂದು ಯಾರೂ ಹೇಳುವುದಿಲ್ಲ. ಹಾಗಂತ ಅವರು ಹೇಳಿದ್ದು ಸುಳ್ಳೂ ಅಲ್ಲ, ಕ್ಯಾಮೆರಾ ನಿಜಕ್ಕೂ ಚೆನ್ನಾಗಿರುತ್ತದೆ. ತೋರಿಕೆಯ ಖರ್ಚಿನ ಬಗ್ಗೆ ಅರ್ಥಶಾಸ್ತ್ರಜ್ಞ ಥಾರ್‌ಸ್ಟೈನ್ ವೆಬ್ಲನ್ 1899ರಲ್ಲೇ ಬರೆದರು. ಆದರೆ ಒಂದೇ ವಸ್ತುವಿನಲ್ಲಿ ಉಪಯೋಗಕ್ಕೆ ಕೊಟ್ಟದ್ದೆಷ್ಟು, ಅಂತಸ್ತಿಗೆ ಕೊಟ್ಟದ್ದೆಷ್ಟು ಎಂದು ಬಿಡಿಸಿ ಅಳೆಯುವುದು ಬಹಳ ಕಷ್ಟ.

ಅರ್ಥಶಾಸ್ತ್ರಜ್ಞ ಲಿಯೊನಾರ್ಡೊ ಬರ್ಸ್ಟಿನ್ ಮತ್ತು ಸಂಗಡಿಗರು ಇಂಡೋನೇಷ್ಯಾದಲ್ಲಿ ಇದಕ್ಕೊಂದು ದಾರಿ ಕಂಡುಕೊಂಡರು. ಅವರ ಅಧ್ಯಯನ ಪ್ರಕಟವಾದದ್ದು 2018ರಲ್ಲಿ. ಅಲ್ಲಿನ ಒಂದು ಬ್ಯಾಂಕು, ಚೆನ್ನಾಗಿ ಸಂಪಾದಿಸುವ ಗ್ರಾಹಕರಿಗೆ ಪ್ಲಾಟಿನಂ ಕ್ರೆಡಿಟ್ ಕಾರ್ಡ್ ಕೊಡುತ್ತಿತ್ತು. ಸಂಶೋಧಕರು ಗ್ರಾಹಕರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಪ್ಲಾಟಿನಂ ಕಾರ್ಡ್ ಬೇಕಾ ಎಂದು ಕೇಳಲಾಯಿತು. ಇನ್ನೊಂದಕ್ಕೆ ಪ್ಲಾಟಿನಂನ ಎಲ್ಲ ಸೌಲಭ್ಯವೂ ಇರುವ, ಆದರೆ ನೋಡಲು ಸಾದಾ ಆದ ಕಾರ್ಡ್ ಕೊಡುತ್ತೇವೆ ಎಂದು ಹೇಳಲಾಯಿತು. ವ್ಯತ್ಯಾಸ ಇದ್ದದ್ದು ಹೆಸರು ಮತ್ತು ರೂಪದಲ್ಲಿ ಮಾತ್ರ.

ಸಾದಾ ಕಾರ್ಡಿಗೆ ಸುಮಾರು 14% ಜನ ಒಪ್ಪಿದರು, ಪ್ಲಾಟಿನಂಗೆ ಸುಮಾರು 21%. ಸೌಲಭ್ಯ ಒಂದೇ ಆದ್ದರಿಂದ ನಡುವಿನ ಆ ಏಳು ಅಂಶವನ್ನು ಅಂತಸ್ತಿನ ಲೆಕ್ಕಕ್ಕೇ ಹಾಕಬೇಕಾಗುತ್ತದೆ. ಕಾರ್ಡಿನ ವಹಿವಾಟು ನೋಡಿದಾಗಲೂ ಇದೇ ಸುಳಿವು ಸಿಕ್ಕಿತು. ಹೋಟೆಲಿನಂತಹ, ಅಕ್ಕಪಕ್ಕ ಜನ ಇರುವ ಕಡೆ ಪ್ಲಾಟಿನಂ ಕಾರ್ಡ್ ಹೆಚ್ಚು ಹೊರಬರುತ್ತಿತ್ತು.

ನನಗೆ ಇದಕ್ಕಿಂತ ಮುಖ್ಯ ಅನಿಸುವುದು ಅವರ ಮುಂದಿನ ಪ್ರಯೋಗ. ಪ್ಲಾಟಿನಂ ಕಾರ್ಡ್ ಇದ್ದವರಿಗೆ ಅದಕ್ಕೂ ಮೇಲಿನ ಡೈಮಂಡ್ ಕಾರ್ಡ್ ಬೇಕಾ ಎಂದು ಕೇಳಿದರು. ಅವರಲ್ಲಿ ಕೆಲವರಿಗೆ ಮಾತ್ರ, ಈಗ ಕಡಿಮೆ ಆದಾಯದವರಿಗೂ ಪ್ಲಾಟಿನಂ ಸಿಗುತ್ತದೆ ಎಂದು ತಿಳಿಸಿದರು. ಅದನ್ನು ಕೇಳಿದವರಲ್ಲಿ ಡೈಮಂಡ್ ಬೇಕೆನ್ನುವವರು ಜಾಸ್ತಿಯಾದರು. ಅವರ ಕೈಯಲ್ಲಿದ್ದ ಕಾರ್ಡಿನ ಸೌಲಭ್ಯ ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಪಕ್ಕದವರಿಗೂ ಅದು ಸಿಕ್ಕಿತು, ಅಷ್ಟೇ. ಮಧ್ಯಮ ವರ್ಗದ ಸಂಬಳ ಏರಿದರೂ "ಸಾಕು" ಅನ್ನೋ ಮಾತು ಬರದೇ ಇರುವುದಕ್ಕೆ ಇದೂ ಒಂದು ಕಾರಣ. ಎಲ್ಲರೂ ಒಟ್ಟಿಗೆ ಒಂದು ಮೆಟ್ಟಿಲು ಹತ್ತಿದರೆ ಯಾರ ಸ್ಥಾನವೂ ಬದಲಾಗುವುದಿಲ್ಲ, ಕಂತು ಮಾತ್ರ ಎಲ್ಲರ ಮೇಲೂ ಬೀಳುತ್ತದೆ.

ಇದನ್ನೇ ಎಲ್ಲದಕ್ಕೂ ಅನ್ವಯಿಸಿಬಿಡುವ ಹಾಗಿಲ್ಲ. ಇದು ಒಂದು ಬ್ಯಾಂಕಿನ, ಅದೂ ಉಳ್ಳ ಗ್ರಾಹಕರ ಕಥೆ. ಪ್ಲಾಟಿನಂ ಬೇಡ ಎಂದವರೇ ಹೆಚ್ಚು ಅನ್ನುವುದನ್ನೂ ಮರೆಯಬಾರದು. ಬೆಂಗಳೂರಿನಲ್ಲಿ ಈಗ ಕಾಫಿಗೂ ಕಾರು ತೊಳೆಸುವುದಕ್ಕೂ ಯುಪಿಐ. ಸ್ಕ್ಯಾನ್ ಮಾಡುವಾಗ ಎಲ್ಲರ ಖಾತೆಯೂ ಒಂದೇ ಥರ ಕಾಣುತ್ತದೆ, ಅಲ್ವಾ? ಅಲ್ಲಿ ಕಾರ್ಡಿನ ಬಣ್ಣ ಯಾರ ಕಣ್ಣಿಗೂ ಬೀಳುವುದಿಲ್ಲ. ಹಾಗಾಗಿ ಇಂಥ ಪ್ರಯೋಗವನ್ನು ಇಲ್ಲಿ ಮಾಡುವುದಾದರೆ ಕಾರ್ಡಿನ ಬದಲು ಕಾರನ್ನೋ ಮಕ್ಕಳ ಶಾಲೆಯನ್ನೋ ಆರಿಸಿಕೊಳ್ಳಬೇಕಾಗುತ್ತದೆ. ಆದರೆ ಅದೇ ಪಾಠ, ಅದೇ ಮೇಷ್ಟ್ರು ಇದ್ದು ಹೆಸರು ಮಾತ್ರ ಬೇರೆ ಇರುವ ಇನ್ನೊಂದು ಶಾಲೆಯನ್ನು ಎಲ್ಲಿಂದ ತರುವುದು?