ಸ್ಪ್ರಿಂಟ್ ಮುಗಿದರೂ ಮುಗಿಯದ ಕೆಲಸಗಳು

ಎರಡು ವಾರದ ಸ್ಪ್ರಿಂಟ್‌ನ ಕೊನೆಯ ದಿನ ಬೋರ್ಡ್ ನೋಡಿ. ‘ಡನ್’ ಕಾಲಂನಲ್ಲಿ ಎರಡೋ ಮೂರೋ ಸ್ಟೋರಿ ಇರುತ್ತವೆ. ಉಳಿದವೆಲ್ಲ ರಿವ್ಯೂ, ಟೆಸ್ಟಿಂಗ್ ಕಾಲಂಗಳಲ್ಲಿ ನಿಂತಿರುತ್ತವೆ. ಯಾರೂ ಸುಮ್ನೆ ಕೂತಿರಲಿಲ್ಲ, ಆದರೂ ಅರ್ಧಕ್ಕಿಂತ ಜಾಸ್ತಿ ಕೆಲಸ ಸ್ಪಿಲ್ ಆಗಿದೆ. ‘ಅಂದಾಜು ತಪ್ಪಿತು’ ಅನ್ನೋದು ಇದಕ್ಕೆ ಸಿಗುವ ಮೊದಲ ಉತ್ತರ. ಆದರೆ ಅಂದಾಜು ಕರಾರುವಾಕ್ಕಾಗಿ ಇದ್ದಾಗಲೂ ಹೀಗಾಗಬಹುದು. ಲೆಕ್ಕ ಹಾಕಿಯೇ ನೋಡೋಣ.

ಒಂದು ತಂಡದಲ್ಲಿ ನಾಲ್ವರು ಡೆವಲಪರ್‌ಗಳು, ಒಬ್ಬರು ಟೆಸ್ಟರ್. ಸ್ಪ್ರಿಂಟ್ 10 ಕೆಲಸದ ದಿನ, ಒಟ್ಟು 8 ಸ್ಟೋರಿ. ಒಂದೊಂದಕ್ಕೂ 4 ದಿನ ಕೋಡಿಂಗ್, 1 ದಿನ ಟೆಸ್ಟಿಂಗ್. ಕಾಗದದ ಮೇಲೆ ಎಲ್ಲ ಸರಿಯಾಗಿದೆ. ಟೆಸ್ಟರ್‌ಗೆ 8 ದಿನದ ಕೆಲಸ, ಕೈಯಲ್ಲಿ 10 ದಿನ.

ಈಗ ಪ್ರತಿ ಡೆವಲಪರ್ ತನ್ನ ಎರಡೂ ಸ್ಟೋರಿಗಳನ್ನು ಮೊದಲ ದಿನವೇ ಶುರು ಮಾಡಿ, ಅದಿಷ್ಟು ಇದಿಷ್ಟು ಎಂದು ಮಾಡುತ್ತಾ ಹೋದರೆ ಏನಾಗುತ್ತೆ? ಎಂಟೂ ಸ್ಟೋರಿಗಳ ಕೋಡಿಂಗ್ ಎಂಟನೇ ದಿನ ಸಂಜೆ ಒಟ್ಟಿಗೆ ಮುಗಿಯುತ್ತದೆ. ಟೆಸ್ಟರ್‌ಗೆ ಉಳಿದದ್ದು ಎರಡೇ ದಿನ. ಎರಡು ಮುಗಿದವು, ಆರು ಮುಂದಕ್ಕೆ ಹೋದವು.

ಅದೇ ಜನ ಒಂದು ಸ್ಟೋರಿ ಪೂರ್ತಿ ಮುಗಿಸಿ ಇನ್ನೊಂದನ್ನು ಮುಟ್ಟಿದರೆ, ನಾಲ್ಕನೇ ದಿನವೇ ನಾಲ್ಕು ಸ್ಟೋರಿ ಟೆಸ್ಟರ್ ಕೈಗೆ ಸಿಗುತ್ತವೆ. ಆಗ ಆರು ಮುಗಿಯುತ್ತವೆ. ಇಬ್ಬಿಬ್ಬರು ಸೇರಿ ಒಂದೊಂದು ಸ್ಟೋರಿಯನ್ನು 2 ದಿನದಲ್ಲಿ ಮುಗಿಸಿದರೆ? ಎರಡೆರಡು ದಿನಕ್ಕೊಮ್ಮೆ ಎರಡೆರಡು ಸ್ಟೋರಿ ಬರುತ್ತವೆ, ಎಂಟೂ ಮುಗಿಯುತ್ತವೆ. ನಿಜ ಹೇಳಬೇಕೆಂದರೆ ಇಬ್ಬರು ಸೇರಿದ ಮಾತ್ರಕ್ಕೆ ಸಮಯ ಸರಿಯಾಗಿ ಅರ್ಧ ಆಗುವುದು ಅಪರೂಪ. ಹಾಗಿದ್ದರೂ 2, 6, 8 ಎಂಬ ಈ ಅಂತರ ನೋಡಿ. ಕೆಲಸ ಅಷ್ಟೇ, ಜನ ಅಷ್ಟೇ, ಬದಲಾದದ್ದು ಏಕಕಾಲಕ್ಕೆ ತೆರೆದಿಟ್ಟ ಕೆಲಸಗಳ ಸಂಖ್ಯೆ ಮಾತ್ರ.

ಇದರ ಹಿಂದೆ ಸರತಿ ಸಾಲಿನ ಗಣಿತವಿದೆ. 1961ರಲ್ಲಿ ಜಾನ್ ಲಿಟಲ್ ಸಾಧಿಸಿ ತೋರಿಸಿದ ನಿಯಮ ಅದು. ಕೈಯಲ್ಲಿರುವ ಕೆಲಸಗಳ ಸರಾಸರಿ ಸಂಖ್ಯೆಯನ್ನು ಮುಗಿಯುವ ವೇಗದಿಂದ ಭಾಗಿಸಿದರೆ, ಒಂದು ಕೆಲಸ ಸರಾಸರಿ ಎಷ್ಟು ಕಾಲ ಹಿಡಿಯುತ್ತದೆ ಎಂದು ಸಿಗುತ್ತದೆ. ವಾರಕ್ಕೆ 4 ಮುಗಿಸುವ ತಂಡ ಯಾವಾಗಲೂ 8 ತೆರೆದಿಟ್ಟುಕೊಂಡಿದ್ದರೆ ಒಂದೊಂದಕ್ಕೂ ಸರಾಸರಿ ಎರಡು ವಾರ ಬೇಕು, ಅಂದರೆ ಇಡೀ ಸ್ಪ್ರಿಂಟ್. ಸರಾಸರಿಯೇ ಅಷ್ಟಿದ್ದರೆ ಹಲವು ಕೆಲಸ ಗಡುವು ದಾಟಲೇಬೇಕು, ಅಲ್ವಾ?

ಉಳಿದ ಆರು ಸ್ಟೋರಿ ಮುಂದಿನ ಸ್ಪ್ರಿಂಟ್‌ನಲ್ಲಿ ಹೇಗೆ ಕಾಡುತ್ತವೆ ಎಂಬುದನ್ನೂ ನೋಡಬೇಕು. ಟೆಸ್ಟರ್ ಮೊದಲ ಆರು ದಿನ ಅವನ್ನೇ ನೋಡುತ್ತಾರೆ. ಬಗ್‌ಗಳು ಸಿಗುತ್ತವೆ. ಡೆವಲಪರ್‌ಗಳು ಹೊಸ ಎಂಟು ಸ್ಟೋರಿಗಳಲ್ಲಿ ಮುಳುಗಿದ್ದಾರೆ. ಹಳೆಯ ಕೋಡ್ ಮತ್ತೆ ನೆನಪು ಮಾಡಿಕೊಂಡು ಸರಿಪಡಿಸಲು ಅವರಿಗೆ ತಲಾ ಎರಡು ದಿನ ಹೋಯಿತು ಅನ್ನಿ. ಹೊಸ ಕೋಡಿಂಗ್ ಮುಗಿಯುವುದು ಹತ್ತನೇ ದಿನ ಸಂಜೆ. ಈ ಸಲ ಎಂಟಕ್ಕೆ ಎಂಟೂ ಮುಂದಕ್ಕೆ. ರಾಶಿ ಬೆಳೆಯುವುದು ಹೀಗೆ.

ಇಲ್ಲೇ ವರದಿಯ ಪ್ರಶ್ನೆ ಬರುತ್ತದೆ. ‘ಲಾಗಿನ್ ಸ್ಟೋರಿ 90% ಆಗಿದೆ’ ಎಂದು ಬರೆದರೆ ಕೇಳುವವರಿಗೆ ಏನೂ ತಿಳಿಯುವುದಿಲ್ಲ. ಅದನ್ನೇ ಹೀಗೆ ಬರೆಯಬಹುದು: ‘ಒಟಿಪಿ ಲಾಗಿನ್: ಕೋಡ್ ಎಂಟನೇ ದಿನ ಮುಗಿದಿದೆ. ಅಂದಿನಿಂದ ಟೆಸ್ಟಿಂಗ್‌ಗೆ ಕಾಯುತ್ತಿದೆ, ಇನ್ನೂ ಶುರುವಾಗಿಲ್ಲ. ಮುಂದಕ್ಕೆ ಹೋಗುತ್ತಿರುವುದು ಇದು ಎರಡನೇ ಸಲ. ಟೆಸ್ಟಿಂಗ್‌ಗೆ ಒಂದು ದಿನ ಬೇಕು.’ ಎಲ್ಲಿ ನಿಂತಿದೆ, ಎಂದಿನಿಂದ ನಿಂತಿದೆ, ಎಷ್ಟನೇ ಸಲ ಎಂಬುದು ಕಂಡರೆ ತೊಂದರೆ ಡೆವಲಪರ್‌ನದಲ್ಲ, ಸಾಲಿನದು ಎಂದು ಮ್ಯಾನೇಜರ್‌ಗೂ ಗೊತ್ತಾಗುತ್ತದೆ.

ಪಾಯಿಂಟ್‌ಗಳ ವಿಷಯದಲ್ಲಿ ನನ್ನ ನಿಲುವು ಗಟ್ಟಿ. ಮುಗಿಯದ ಸ್ಟೋರಿಗೆ ಈ ಸ್ಪ್ರಿಂಟ್‌ನಲ್ಲಿ ಸೊನ್ನೆ, ಮುಗಿದ ಸ್ಪ್ರಿಂಟ್‌ನಲ್ಲಿ ಪೂರ್ತಿ. 5 ಪಾಯಿಂಟ್ ಸ್ಟೋರಿಯನ್ನು ಕೊನೆಯ ದಿನ ಸೀಳಿ ‘ಕೋಡಿಂಗ್ 4, ಟೆಸ್ಟಿಂಗ್ 1’ ಮಾಡಿ ನಾಲ್ಕನ್ನು ಎಣಿಸಿಕೊಂಡರೆ ಗ್ರಾಫ್ ಚೆನ್ನಾಗಿ ಕಾಣುತ್ತದೆ, ಆದರೆ ಟೆಸ್ಟಿಂಗ್ ಸಾಲು ಆ ಗ್ರಾಫ್‌ನಲ್ಲಿ ಕಾಣದಂತಾಗುತ್ತದೆ. ಸೀಳಿದ ಭಾಗ ಬಳಸುವವರಿಗೆ ತಾನಾಗಿಯೇ ಉಪಯೋಗಕ್ಕೆ ಬರುವಂತಿದ್ದರೆ ಮಾತ್ರ ಸೀಳುವುದು ನ್ಯಾಯ. ಮುಗಿಯದ ಕೆಲಸ ಬ್ಯಾಕ್‌ಲಾಗ್‌ಗೆ ಮರಳಬೇಕು ಎಂದೇ 2020ರ ಸ್ಕ್ರಮ್ ಗೈಡ್ ಹೇಳುತ್ತದೆ. ಅಲ್ಲಿಂದ ಮತ್ತೆ ಆಯ್ಕೆಯಾಗಬೇಕೇ ಹೊರತು ತಾನಾಗಿ ಮುಂದಕ್ಕೆ ಉರುಳಬಾರದು.

ಜಿರಾದಲ್ಲಿ ಸ್ಪ್ರಿಂಟ್ ಮುಚ್ಚುವಾಗ ಉಳಿದವನ್ನು ಮುಂದಿನ ಸ್ಪ್ರಿಂಟ್‌ಗೆ ಕಳಿಸುವುದು ಒಂದೇ ಕ್ಲಿಕ್‌ನ ಕೆಲಸ. ಆದರೆ ಹಳೆಯ ಸ್ಪ್ರಿಂಟ್‌ನ ಗುರುತು ಸ್ಟೋರಿಯಲ್ಲಿ ಉಳಿದಿರುತ್ತದೆ. ಹೀಗೆ ಹುಡುಕಿ:

```
sprint in closedSprints() AND statusCategory != Done
```

ಈ ಪಟ್ಟಿಯನ್ನು ಪ್ಲಾನಿಂಗ್‌ಗೆ ಮೊದಲು ತೆರೆಯಿರಿ. ಅದರಲ್ಲಿ ಆರು ಸ್ಟೋರಿ ಟೆಸ್ಟಿಂಗ್‌ಗೆ ಕಾಯುತ್ತಿದ್ದರೆ ಟೆಸ್ಟರ್‌ನ ಆರು ದಿನ ಆಗಲೇ ಖರ್ಚಾಗಿವೆ. ಹೊಸದಾಗಿ ತೆಗೆದುಕೊಳ್ಳಬಹುದಾದದ್ದು ಹೆಚ್ಚೆಂದರೆ ನಾಲ್ಕು, ಅದೂ ಆರನೇ ದಿನದ ಹೊತ್ತಿಗೆ ಟೆಸ್ಟಿಂಗ್‌ಗೆ ಬರತೊಡಗಿದರೆ.